ಮಾಚೇನಹಳ್ಳಿ ಶೆಡ್‌ನ ಗ್ಯಾಂಟ್ರಿ ರೋಬೋ: ಕೆಂಪು ಬಟನ್ ಒತ್ತಿದ ಮೇಲೆ ಎಷ್ಟು ದೂರ ಹೋಗುತ್ತದೆ?

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದವರ ಒಂದು ಸಣ್ಣ ಮಷಿನ್ ಶಾಪ್ ಇದೆ. ಫೌಂಡ್ರಿಯಿಂದ ಬರುವ ಎರಕದ ಬ್ರಾಕೆಟ್‌ಗಳಿಗೆ ತೂತು ಹೊಡೆದು ಕಳಿಸುವುದು ಅವರ ಕೆಲಸ. ಡ್ರಿಲ್ಲಿಂಗ್ ಮಷಿನ್‌ಗೆ ಬ್ರಾಕೆಟ್ ಎತ್ತಿಡಲು ಒಂದು ಸೆಕೆಂಡ್ ಹ್ಯಾಂಡ್ ಗ್ಯಾಂಟ್ರಿ ರೋಬೋ ತಂದು ಹಾಕಿದ್ದರು. ಮೇಲೆ 3 ಮೀಟರ್ ಉದ್ದದ ಬೀಮ್, ಅದರ ಮೇಲೆ ಬೆಲ್ಟ್‌ನಲ್ಲಿ ಓಡಾಡುವ ಎಕ್ಸ್ ಆಕ್ಸಿಸ್, ಕೆಳಕ್ಕೆ ಇಳಿಯುವ ಝಡ್ ಆಕ್ಸಿಸ್, ತುದಿಯಲ್ಲಿ ಜೋಡಿ ಗ್ರಿಪ್ಪರ್. ಒಂದು ತುದಿಯಲ್ಲಿ ಡ್ರಿಲ್ಲಿಂಗ್ ಮಷಿನ್, ಇನ್ನೊಂದು ತುದಿಯಲ್ಲಿ ಟ್ರೇ. ಟ್ರೇ ಪಕ್ಕದಲ್ಲೇ ಇಬ್ಬರು ಕೂತು ತೂತಿನ ಅಂಚಿನ ಚೂಪು ಬರ್ ತೆಗೆಯುತ್ತಾರೆ, ಟ್ರೇ ತುಂಬಿಸುತ್ತಾರೆ. ಅಂದ್ರೆ ರೋಬೋ ತಲೆ ಮೇಲೆ ಓಡಾಡುತ್ತಿರುವಾಗಲೇ ಕೈ ಒಳಗೆ ಹೋಗುತ್ತದೆ.

ನನ್ನನ್ನು ಕರೆದದ್ದು ಅಲ್ಲಿನ ಮೇಸ್ತ್ರಿ. ಫೋನ್‌ನಲ್ಲೇ ಹೇಳಿದರು, "ಸಾರ್, ಬಟನ್ ಒತ್ತಿದ್ರೂ ಅದು ತನ್ನ ಕೆಲ್ಸ ಮುಗಿಸ್ಕೊಂಡೇ ನಿಲ್ಲತ್ತೆ."

ನನಗೆ ಮೊದಲು ನಂಬಿಕೆ ಬರಲಿಲ್ಲ. ಹೋಗಿ ನೋಡಿದರೆ ಹಾಗೇ ಇತ್ತು. ರೋಬೋ ಮಧ್ಯದಲ್ಲಿದ್ದಾಗ ಎಮರ್ಜೆನ್ಸಿ ಬಟನ್ ಒತ್ತಿದರೆ, ಪ್ಯಾನಲ್‌ನಲ್ಲಿ ಕಾಂಟ್ಯಾಕ್ಟರ್ ಟಕ್ ಅಂತ ಬಿಡುತ್ತದೆ, ಗ್ಯಾಂಟ್ರಿ ಮಾತ್ರ ಸಲೀಸಾಗಿ ಟ್ರೇವರೆಗೆ ಹೋಗಿ ನಿಲ್ಲುತ್ತದೆ.

ಕಾರಣ ಪ್ಯಾನಲ್ ಬಾಗಿಲು ತೆಗೆದ ಕೂಡಲೇ ಗೊತ್ತಾಯಿತು. ಮೊದಲು ಇದನ್ನು ಕಟ್ಟಿದವರು ಬಟನ್‌ನ ಒಂದೇ ಒಂದು ಕಾಂಟ್ಯಾಕ್ಟ್ ಬಳಸಿ, ಮೋಟಾರ್ ನಡೆಸುವ ಸರ್ವೋ ಡ್ರೈವ್‌ಗೆ ಹೋಗುವ ಮೇನ್ಸ್ ಸಪ್ಲೈಯನ್ನು ಕಾಂಟ್ಯಾಕ್ಟರ್‌ನಲ್ಲಿ ಕತ್ತರಿಸಿದ್ದರು. ನೋಡಲು ಸರಿಯಾಗೇ ಕಾಣುತ್ತದೆ. ಆದರೆ ಡ್ರೈವ್ ಒಳಗೆ ಡಿಸಿ ಬಸ್‌ನ ಕೆಪಾಸಿಟರ್‌ಗಳಿವೆ. ಮೇನ್ ವಾಲ್ವ್ ಮುಚ್ಚಿದರೂ ಮೇಲಿನ ಟ್ಯಾಂಕ್‌ನಲ್ಲಿ ನೀರಿದ್ದರೆ ನಲ್ಲಿ ಬರುತ್ತಲೇ ಇರುತ್ತದಲ್ವಾ, ಹಾಗೆ. ಲೋಡ್ ಕಡಿಮೆ ಇದ್ದಾಗ ಆ ಚಾರ್ಜ್‌ನಲ್ಲೇ ಮೋಟಾರ್ ಒಂದಷ್ಟು ಹೊತ್ತು ಆರಾಮಾಗಿ ಓಡುತ್ತದೆ. ರೋಬೋಗೆ ಆಜ್ಞೆ ಕೊಡುವ ಕಂಟ್ರೋಲರ್ ಆದ ಪಿಎಲ್‌ಸಿಗೂ ಬಟನ್ ಒತ್ತಿದ ವಿಷಯ ಹೋಗುತ್ತಿತ್ತು, ಆದರೆ ಪ್ರೋಗ್ರಾಂ ಅದನ್ನು "ಈ ಸುತ್ತು ಮುಗಿದ ಮೇಲೆ ನಿಲ್ಲು" ಅಂತ ಓದುತ್ತಿತ್ತು. ನಿಮ್ಮ ಮಷಿನ್‌ನಲ್ಲೂ ಹೀಗಿದೆಯಾ ಅಂತ ನೋಡುವುದು ಸುಲಭ. ಚಲಿಸುತ್ತಿರುವಾಗ ಬಟನ್ ಒತ್ತಿ, ಮೋಟಾರ್‌ನ ಸಣ್ಣ ಗುಂಯ್ ಸದ್ದು ಕೇಳಿ. ಕಾಂಟ್ಯಾಕ್ಟರ್ ಬಿಟ್ಟ ಮೇಲೂ ಆ ಸದ್ದು ಮುಂದುವರಿದರೆ ಟಾರ್ಕ್, ಅಂದ್ರೆ ಮೋಟಾರ್ ತಿರುಗಿಸುವ ಬಲ, ಇನ್ನೂ ಇದೆ ಅಂತ ಅರ್ಥ.

ಹೊಸ ಸರ್ಕ್ಯೂಟ್

ಡ್ರೈವ್‌ಗಳು ಹಳೆಯವು, ಎಸ್‌ಟಿಒ ಇನ್‌ಪುಟ್ ಇರಲಿಲ್ಲ. ಎಸ್‌ಟಿಒ ಅಂದ್ರೆ ಮೋಟಾರ್‌ಗೆ ಟಾರ್ಕ್ ಹೋಗುವುದನ್ನು ಡ್ರೈವ್ ಒಳಗೇ, ಸಾಫ್ಟ್‌ವೇರ್ ಕೇಳದೆ ತಡೆಯುವ ಇನ್‌ಪುಟ್. ಕೆಪಾಸಿಟರ್ ತುಂಬಿದ್ದರೂ ಪರವಾಗಿಲ್ಲ, ಮೋಟಾರ್‌ಗೆ ಟಾರ್ಕ್ ಬರುವುದಿಲ್ಲ. ಓನರ್‌ಗೆ ಕಷ್ಟಪಟ್ಟು ಒಪ್ಪಿಸಿ ಎರಡೂ ಡ್ರೈವ್ ಬದಲಾಯಿಸಿದೆವು. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೇ. ಇದರಲ್ಲಿ ಚೌಕಾಸಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬಟನ್‌ಗಳು ಮೂರು: ಪ್ಯಾನಲ್ ಬಾಗಿಲಲ್ಲಿ, ಟ್ರೇ ಹತ್ತಿರ, ಡ್ರಿಲ್ಲಿಂಗ್ ಮಷಿನ್ ಹತ್ತಿರ. ಹಳದಿ ಹಿನ್ನೆಲೆ, ಕೆಂಪು ಅಣಬೆ ತಲೆ, ಒತ್ತಿದರೆ ಅಲ್ಲೇ ಲಾಕ್ ಆಗಬೇಕು. ಪ್ರತಿಯೊಂದರಲ್ಲೂ ಎರಡು ಎನ್‌ಸಿ ಕಾಂಟ್ಯಾಕ್ಟ್, ಅಂದ್ರೆ ಸುಮ್ಮನಿದ್ದಾಗ ಮುಚ್ಚಿದ್ದು ಒತ್ತಿದಾಗ ತೆರೆಯುವಂಥವು. ಕೊಳ್ಳುವಾಗ ಕಾಂಟ್ಯಾಕ್ಟ್ ಬ್ಲಾಕ್ ಮೇಲೆ ವೃತ್ತದೊಳಗೆ ಬಾಣದ ಗುರುತು ಇದೆಯಾ ನೋಡಿ. ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೂ ನಿಮ್ಮ ಕೈಯ ಬಲದಿಂದಲೇ ಅದು ಬಿಡಿಸಿಕೊಳ್ಳುತ್ತದೆ, ಸ್ಪ್ರಿಂಗ್ ನಂಬಿ ಕೂರುವುದಿಲ್ಲ ಅನ್ನುವುದರ ಗುರುತು ಅದು.

ಮೂರೂ ಬಟನ್‌ಗಳ ಮೊದಲ ಕಾಂಟ್ಯಾಕ್ಟ್‌ಗಳು ಒಂದು ಸರಣಿ, ಎರಡನೆಯವು ಇನ್ನೊಂದು ಸರಣಿ. ಎರಡೂ ದಾರಿಗಳು, ಅವನ್ನು ಕಾಯುವ ಒಂದು ಸೇಫ್ಟಿ ರಿಲೇಗೆ ಹೋಗುತ್ತವೆ. ಎರಡು ದಾರಿ ಯಾಕೆ ಅಂದ್ರೆ, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ ಒಳಗೇ ಗೋಡೆ ಬೆವರುತ್ತದೆ. ಟ್ರೇ ಹತ್ತಿರದ ಹಳೆಯ ಬಟನ್ ಬಾಕ್ಸ್ ಬಿಚ್ಚಿದಾಗ ಒಳಗೆ ತುಕ್ಕು ಬಣ್ಣದ ಕೆಸರಿನಂಥದ್ದು ಇತ್ತು, ಎರಕದ ಪುಡಿಗೆ ತೇವ ಸೇರಿ ಟರ್ಮಿನಲ್‌ಗಳ ಮಧ್ಯೆ ಅಂಟಿಕೊಂಡಿತ್ತು. ಇಂಥದ್ದು ಎನ್‌ಸಿ ಕಾಂಟ್ಯಾಕ್ಟ್‌ನ ಎರಡು ಕಡೆಯನ್ನು ಜೋಡಿಸಿಬಿಟ್ಟರೆ ಬಟನ್ ಒತ್ತಿದರೂ ಸರ್ಕ್ಯೂಟ್ ತೆರೆಯುವುದೇ ಇಲ್ಲ. ಒಂದೇ ದಾರಿ ಇದ್ದರೆ ಆ ದೋಷ ಗೊತ್ತಾಗುವುದು ಬಟನ್ ಬೇಕಾದ ದಿನ. ಎರಡು ದಾರಿ ಇದ್ದರೆ ಒಂದು ತೆರೆದು ಇನ್ನೊಂದು ತೆರೆಯದಿದ್ದಾಗಲೂ ರಿಲೇ ಬಿಟ್ಟು ಮಷಿನ್ ನಿಲ್ಲಿಸುತ್ತದೆ, ಆಮೇಲೆ ರೀಸೆಟ್ ಆಗಲು ಒಪ್ಪುವುದಿಲ್ಲ. ನಾವು ಹಾಕಿದ ರಿಲೇ ಎರಡು ದಾರಿಗೂ ಬೇರೆ ಬೇರೆ ಟೆಸ್ಟ್ ಪಲ್ಸ್ ಕಳಿಸುತ್ತದೆ. ಹಾಗಾಗಿ ಒಂದು ದಾರಿಯ ವೈರ್ ಇನ್ನೊಂದಕ್ಕೆ ತಾಗಿದರೂ ಅದಕ್ಕೆ ತಿಳಿಯುತ್ತದೆ.

ಇದನ್ನು ನಂಬಿ ಬಿಡಲಿಲ್ಲ, ಜಂಪರ್ ವೈರ್ ಹಿಡಿದು ಎರಡು ದಾರಿಯನ್ನು ಬೇಕಂತಲೇ ಜೋಡಿಸಿ ನೋಡಿದೆವು. ರಿಲೇ ಬಿಟ್ಟಿತು, ಜಂಪರ್ ತೆಗೆಯುವವರೆಗೆ ರೀಸೆಟ್ ಆಗಲಿಲ್ಲ. ಒಂದು ಎಚ್ಚರ: ಬಟನ್‌ಗಳು ಸರಣಿಯಲ್ಲಿದ್ದಾಗ ಒಂದು ಬಟನ್‌ನ ದೋಷವನ್ನು ಇನ್ನೊಂದು ಬಟನ್ ಒತ್ತಿ ರೀಸೆಟ್ ಮಾಡುವ ಮೂಲಕ ಗೊತ್ತಿಲ್ಲದೆ ಅಳಿಸಿಹಾಕಬಹುದು. ಅದಕ್ಕೇ ತಪಾಸಣೆ ಮಾಡುವಾಗ ಒಂದು ಬಟನ್ ಒತ್ತಿ, ಬಿಡಿಸಿ, ರೀಸೆಟ್ ಆಯಿತಾ ಖಚಿತ ಮಾಡಿಕೊಂಡ ಮೇಲೇ ಮುಂದಿನದಕ್ಕೆ ಹೋಗಬೇಕು.

ರೀಸೆಟ್ ಬೇರೆಯೇ ಒಂದು ನೀಲಿ ಬಟನ್. ಕೆಂಪು ಬಟನ್ ಬಿಡಿಸಿದರೆ ಏನೂ ಚಲಿಸಬಾರದು. ರೀಸೆಟ್ ಒತ್ತಿದರೂ ಚಲಿಸಬಾರದು, ಬರೀ ತಯಾರಾಗಬೇಕು. ಸ್ಟಾರ್ಟ್ ಒತ್ತಿದ ಮೇಲಷ್ಟೇ ಓಡಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದಕ್ಕೆ ಲೆಕ್ಕವೇ ಇಲ್ಲ. ಹಳೆಯ ಪ್ಯಾನಲ್‌ನಲ್ಲಿ ಕರೆಂಟ್ ಬಂದ ತಕ್ಷಣ ರೋಬೋ ತಾನೇ ತನ್ನ ಆರಂಭದ ಜಾಗವಾದ ಹೋಮ್ ಹುಡುಕಿಕೊಂಡು ಹೊರಡುತ್ತಿತ್ತಂತೆ. ಕರೆಂಟ್ ಹೋದಾಗ ಜನ ಏನು ಮಾಡುತ್ತಾರೆ? ಹೇಗೂ ನಿಂತಿದೆಯಲ್ಲ ಅಂತ ಟ್ರೇ ಸರಿಮಾಡಲು ಒಳಗೆ ಕೈ ಹಾಕುತ್ತಾರೆ. ಅದಕ್ಕೆ ರಿಲೇಯನ್ನು ಆಟೋ ರೀಸೆಟ್‌ನಲ್ಲಿ ಇಡದೆ, ಮಾನಿಟರ್ಡ್ ರೀಸೆಟ್‌ಗೆ ವೈರ್ ಮಾಡಿದೆವು. ಬಟನ್ ಒತ್ತಿ ಬಿಟ್ಟಾಗ ಮಾತ್ರ ಅದು ಒಪ್ಪುತ್ತದೆ, ಯಾರಾದರೂ ಬೆಣೆ ಸಿಕ್ಕಿಸಿ ಬಟನ್ ಒತ್ತಿಯೇ ಇಟ್ಟರೆ ಒಪ್ಪುವುದಿಲ್ಲ. ಆ ರೀಸೆಟ್ ಸಾಲಿನಲ್ಲೇ ಎರಡೂ ಡ್ರೈವ್‌ಗಳ ಮಾನಿಟರ್ ಔಟ್‌ಪುಟ್ ಸೇರಿಸಿದ್ದೇವೆ. ಡ್ರೈವ್ ನಿಜವಾಗಲೂ ಟಾರ್ಕ್ ಬಿಟ್ಟಿದೆ ಅಂತ ಹೇಳದಿದ್ದರೆ ರೀಸೆಟ್ ಇಲ್ಲ.

ನಿಂತಿತು ಸರಿ, ಆದರೆ ಬಿತ್ತು

ಎಸ್‌ಟಿಒ ಜೋಡಿಸಿ ಮೊದಲ ಸಲ ಬಟನ್ ಒತ್ತಿದಾಗ ಎಕ್ಸ್ ನಿಂತಿತು, ಝಡ್ ಮಾತ್ರ ಧಡ್ ಅಂತ ಸುಮಾರು 40 ಮಿಲಿಮೀಟರ್ ಕೆಳಗಿಳಿದು ನಿಂತಿತು. ಝಡ್‌ನಲ್ಲಿ ಚಲಿಸುವ ಭಾಗ, ಗ್ರಿಪ್ಪರ್, ಬ್ರಾಕೆಟ್ ಎಲ್ಲ ಸೇರಿ 18 ಕಿಲೋ. ಕೆಳಗೆ ಕೈ ಇದ್ದರೆ ಅಂತ ಯೋಚಿಸಿ. ಅಪಾಯ ತಪ್ಪಿಸಲು ಒತ್ತಿದ ಬಟನ್ನೇ ಅಪಾಯ ಮಾಡಿದ ಹಾಗೆ.

ಝಡ್ ಮೋಟಾರ್‌ನಲ್ಲಿ ಬ್ರೇಕ್ ಇದೆ. ಕರೆಂಟ್ ಕೊಟ್ಟರೆ ಬಿಡುತ್ತದೆ, ತೆಗೆದರೆ ಹಿಡಿಯುತ್ತದೆ. ಆದರೆ ಅದು ಹಿಡಿಯುವುದು ತಡವಾಗುತ್ತಿತ್ತು. ಬ್ರೇಕ್ ಕಾಯಿಲ್‌ಗೆ ಅಡ್ಡಲಾಗಿ ಒಂದು ಸಾದಾ ಡಯೋಡ್ ಹಾಕಿದ್ದರು, ಸ್ಪಾರ್ಕ್ ಆಗಿ ರಿಲೇ ಕಾಂಟ್ಯಾಕ್ಟ್ ಸುಡದಿರಲಿ ಅಂತ. ಡಯೋಡ್ ಇದ್ದಾಗ ಸಪ್ಲೈ ಕತ್ತರಿಸಿದರೂ ಕಾಯಿಲ್‌ನ ಕರೆಂಟ್ ಅದರೊಳಗೇ ಸುತ್ತುತ್ತಾ ನಿಧಾನವಾಗಿ ಇಳಿಯುತ್ತದೆ. ಅಷ್ಟು ಹೊತ್ತು ಬ್ರೇಕ್ ತೆರೆದೇ ಇರುತ್ತದೆ. ಅಳೆದಾಗ 140 ಮಿಲಿಸೆಕೆಂಡ್ ಬಂತು. ಯಾವ ಘರ್ಷಣೆಯೂ ಇಲ್ಲದೆ ಬೀಳುವ ವಸ್ತು ಅಷ್ಟರಲ್ಲಿ ಸುಮಾರು 96 ಮಿಲಿಮೀಟರ್ ಬೀಳುತ್ತದೆ, ಇಲ್ಲಿ ಬೆಲ್ಟ್ ಮತ್ತು ಗೇರ್‌ಬಾಕ್ಸ್‌ನ ಬಿಗಿಯಿಂದ 40ಕ್ಕೆ ನಿಂತಿತ್ತು.

ಡಯೋಡ್ ತೆಗೆದು ವೇರಿಸ್ಟರ್ ಹಾಕಿದೆವು. ಅದು ಕಾಯಿಲ್‌ನಲ್ಲಿ ಹೆಚ್ಚು ವೋಲ್ಟೇಜ್ ಏಳಲು ಬಿಡುತ್ತದೆ, ಆದ್ದರಿಂದ ಕರೆಂಟ್ ಬೇಗ ಸಾಯುತ್ತದೆ, ಕಾಂಟ್ಯಾಕ್ಟ್‌ಗೂ ರಕ್ಷಣೆ ಉಳಿಯುತ್ತದೆ. ಬ್ರೇಕ್ 40 ಮಿಲಿಸೆಕೆಂಡ್‌ನಲ್ಲಿ ಹಿಡಿಯಿತು, ಬೀಳುವುದು 3 ಮಿಲಿಮೀಟರ್‌ಗೆ ಇಳಿಯಿತು. ಹತ್ತಿಪ್ಪತ್ತು ರೂಪಾಯಿಯ ಸಾಮಾನು!

ಆಮೇಲೆ ಆ 3 ಮಿಲಿಮೀಟರನ್ನೂ ತೆಗೆಯಲು ನಿಲ್ಲಿಸುವ ಕ್ರಮ ಬದಲಾಯಿಸಿದೆವು. ಐಇಸಿ 60204-1ರಲ್ಲಿ ಇದಕ್ಕೆ ಸ್ಟಾಪ್ ಕೆಟಗರಿ ಅನ್ನುತ್ತಾರೆ. ತಕ್ಷಣ ಟಾರ್ಕ್ ತೆಗೆಯುವುದು ಕೆಟಗರಿ 0. ಮೊದಲು ಮೋಟಾರ್ ಬಲದಿಂದಲೇ ನಿಲ್ಲಿಸಿ, ಆಮೇಲೆ ಟಾರ್ಕ್ ತೆಗೆಯುವುದು ಕೆಟಗರಿ 1. ಎಮರ್ಜೆನ್ಸಿ ಸ್ಟಾಪ್‌ಗೆ ಇವೆರಡೂ ನಡೆಯುತ್ತವೆ. ಸೇಫ್ಟಿ ರಿಲೇಯಲ್ಲಿ ತಕ್ಷಣ ಬಿಡುವ ಕಾಂಟ್ಯಾಕ್ಟ್ ಡ್ರೈವ್‌ಗೆ ಕ್ವಿಕ್ ಸ್ಟಾಪ್ ಹೇಳುತ್ತದೆ. ಡ್ರೈವ್ ಆಕ್ಸಿಸ್ ನಿಲ್ಲಿಸಿ ಬ್ರೇಕ್ ಹಿಡಿಸುತ್ತದೆ. 120 ಮಿಲಿಸೆಕೆಂಡ್ ಆದ ಮೇಲೆ ತಡವಾಗಿ ಬಿಡುವ ಕಾಂಟ್ಯಾಕ್ಟ್‌ಗಳು ಎಸ್‌ಟಿಒವನ್ನೂ ಬ್ರೇಕ್ ಸಪ್ಲೈಯನ್ನೂ ಕತ್ತರಿಸುತ್ತವೆ. ಡ್ರೈವ್ ತನ್ನ ಕೆಲಸ ಮಾಡದಿದ್ದರೂ ಈ ಎರಡನೆಯ ಕತ್ತರಿ ಯಾರನ್ನೂ ಕೇಳುವುದಿಲ್ಲ.

ಗ್ರಿಪ್ಪರ್‌ನ ಗಾಳಿಯನ್ನು ಮಾತ್ರ ಇದರಲ್ಲಿ ಸೇರಿಸಿಲ್ಲ. ಬಟನ್ ಒತ್ತಿದ ಕೂಡಲೇ ಗಾಳಿ ಬಿಟ್ಟರೆ ಬ್ರಾಕೆಟ್ ಯಾರದೋ ಕಾಲ ಮೇಲೆ ಬೀಳುತ್ತದೆ. ಎರಡು ಕಾಯಿಲ್‌ನ ವಾಲ್ವ್ ಹಾಕಿದ್ದೇವೆ, ಕರೆಂಟ್ ಹೋದರೂ ಇದ್ದಲ್ಲೇ ಇರುತ್ತದೆ.

ವೇಗ ಎಷ್ಟಿರಬೇಕು

ಇಲ್ಲಿಗೆ ಕೆಲಸ ಮುಗಿಯಿತು ಅಂತ ಓನರ್ ಅಂದುಕೊಂಡಿದ್ದರು. "ಬಟನ್ ಈಗ ಸರಿಯಾಯ್ತಲ್ಲ ಮಾರಾಯ್ರೇ, ಇನ್ನೇನು?"

ಬಟನ್ ಒತ್ತುವುದು ಮನುಷ್ಯ ತಾನೇ. ಏನೋ ತಪ್ಪಾಗಿದೆ ಅಂತ ಕಂಡು, ಕೈಯಲ್ಲಿದ್ದ ಅರ ಕೆಳಗಿಟ್ಟು, ಬಟನ್‌ಗೆ ಕೈ ಚಾಚುವಷ್ಟರಲ್ಲಿ ಒಂದು ಸೆಕೆಂಡ್ ಬೇಕೇ ಬೇಕು. ಎಕ್ಸ್ ಓಡುತ್ತಿದ್ದದ್ದು ಸೆಕೆಂಡ್‌ಗೆ 1000 ಮಿಲಿಮೀಟರ್‌ನಲ್ಲಿ. ಅಂದ್ರೆ ಬಟನ್ ಮುಟ್ಟುವ ಮೊದಲೇ ಒಂದು ಮೀಟರ್ ಬಂದಾಗಿರುತ್ತದೆ. ಎಮರ್ಜೆನ್ಸಿ ಬಟನ್ ಉಳಿದ ರಕ್ಷಣೆಗಳ ಜೊತೆಗೆ ಇರುವ ಕೊನೆಯ ಉಪಾಯ, ರಕ್ಷಣೆಯ ಬದಲಿಗೆ ಅಲ್ಲ. ಐಎಸ್‌ಒ 13850 ಹೇಳುವುದೂ ಇದನ್ನೇ.

ಹಾಗಾಗಿ ಮೂರು ಕಡೆ ಜಾಲರಿ ಹಾಕಿ, ಟ್ರೇ ಕಡೆಯ ಬಾಯಿಗೆ, ಅಡ್ಡ ಬಂದದ್ದನ್ನು ಬೆಳಕಿನ ಕಿರಣಗಳಿಂದ ಗುರುತಿಸುವ ಒಂದು ಲೈಟ್ ಕರ್ಟನ್ ನಿಲ್ಲಿಸಿದೆವು. ಕೈ ಅಡ್ಡ ಬಂದರೆ ಅದೇ ಸ್ಟಾಪ್ ಸರ್ಕ್ಯೂಟ್ ಕೆಲಸ ಮಾಡುತ್ತದೆ. ಪ್ರಶ್ನೆ ಏನಂದ್ರೆ, ಕರ್ಟನ್‌ನಿಂದ ಗ್ರಿಪ್ಪರ್ ಬರುವ ಜಾಗಕ್ಕೆ ಎಷ್ಟು ಅಂತರ ಇರಬೇಕು? ಶೆಡ್‌ನಲ್ಲಿ ನಮಗೆ ಸಿಕ್ಕಿದ್ದು 550 ಮಿಲಿಮೀಟರ್. ಹಿಂದೆ ಗೋಡೆ, ಮುಂದೆ ಓಡಾಡುವ ದಾರಿ, ಅದಕ್ಕಿಂತ ಜಾಸ್ತಿ ಸಾಧ್ಯವಿಲ್ಲ.

ಲೆಕ್ಕಕ್ಕೆ ಬೇಕಾದದ್ದು ನಿಲ್ಲಲು ಹಿಡಿಯುವ ಸಮಯ. ಅದನ್ನು ಕ್ಯಾಟಲಾಗ್ ನೋಡಿ ಬರೆಯಬೇಡಿ, ಅಳೆಯಿರಿ. ನಾವು ಬೀಮ್‌ಗೆ ಸ್ಟೀಲ್ ಸ್ಕೇಲ್ ಅಂಟಿಸಿ, ಬಟನ್‌ಗೆ ಹೆಚ್ಚುವರಿ ಕಾಂಟ್ಯಾಕ್ಟ್ ಹಾಕಿ ಅದರಿಂದ ಒಂದು ಎಲ್‌ಇಡಿ ಉರಿಸಿ, ಎರಡೂ ಒಟ್ಟಿಗೆ ಕಾಣುವ ಹಾಗೆ ಮೊಬೈಲ್ ಇಟ್ಟು 240 ಫ್ರೇಮ್‌ನ ಸ್ಲೋ ಮೋಷನ್‌ನಲ್ಲಿ ತೆಗೆದೆವು. ಒಂದು ಫ್ರೇಮ್ ಅಂದ್ರೆ ಸುಮಾರು 4 ಮಿಲಿಸೆಕೆಂಡ್. ಎಲ್‌ಇಡಿ ಆರಿದ ಫ್ರೇಮ್‌ನಿಂದ ಸ್ಕೇಲ್ ಮೇಲಿನ ಗುರುತು ಅಲ್ಲಾಡದ ಫ್ರೇಮ್‌ವರೆಗೆ ಎಣಿಸುವುದು. ಗ್ರಿಪ್ಪರ್‌ನಲ್ಲಿ ಎರಡೂ ಬ್ರಾಕೆಟ್ ಇರಬೇಕು, ಪೂರ್ತಿ ವೇಗದಲ್ಲಿರಬೇಕು. ಹಲವು ಸಲ ಅಳೆದು ಸರಾಸರಿ ಬಿಟ್ಟು ಅತಿ ಕೆಟ್ಟದ್ದನ್ನು ಇಟ್ಟುಕೊಳ್ಳಬೇಕು.

1000ದ ವೇಗದಲ್ಲಿ ಬಂದದ್ದು 290 ಮಿಲಿಸೆಕೆಂಡ್: ರಿಲೇ ಮತ್ತು ಡ್ರೈವ್ ಎಚ್ಚರಗೊಳ್ಳಲು 40, ವೇಗ ಇಳಿಸಲು 250. (ಈ ಅಳತೆಗೆ ರಿಲೇಯ ತಡವನ್ನು ತಾತ್ಕಾಲಿಕವಾಗಿ ಜಾಸ್ತಿ ಇಟ್ಟಿದ್ದೆವು.) ಕರ್ಟನ್‌ನ 20 ಸೇರಿಸಿದರೆ 310. ಐಎಸ್‌ಒ 13855ರ 2010ರ ಆವೃತ್ತಿಯ ಸೂತ್ರ ಇದು:

```
S = K × T + C
C = 8 × (d − 14) = 8 × (30 − 14) = 128 mm
S = 1600 × 0.310 + 128 = 624 mm
```

S ಅಂದ್ರೆ ಬೇಕಾದ ಅಂತರ, T ಅಂದ್ರೆ ನಿಲ್ಲಲು ಹಿಡಿಯುವ ಒಟ್ಟು ಸಮಯ ಸೆಕೆಂಡ್‌ನಲ್ಲಿ, C ಅಂದ್ರೆ ಕರ್ಟನ್ ಗುರುತಿಸುವ ಮೊದಲೇ ಕೈ ಒಳಗೆ ಹೋಗಬಹುದಾದ ದೂರ, d ಅಂದ್ರೆ ಕರ್ಟನ್ ಗುರುತಿಸಬಲ್ಲ ಅತಿ ಸಣ್ಣ ವಸ್ತುವಿನ ಗಾತ್ರ, ನಮ್ಮದು 30 ಮಿಲಿಮೀಟರ್. K ಅಂದ್ರೆ ಮನುಷ್ಯ ಒಳನುಗ್ಗುವ ವೇಗ. ಮೊದಲು 2000 ಹಾಕಿ ನೋಡಬೇಕು, ಉತ್ತರ 500 ದಾಟಿದರೆ 1600 ಹಾಕಬಹುದು, ಆದರೆ ಆಗ ಅಂತರ 500ಕ್ಕಿಂತ ಕಡಿಮೆ ಇಡುವಂತಿಲ್ಲ. ಬೇಕಾದದ್ದು 624, ಇರುವುದು 550. ಆಗಲ್ಲ.

ವೇಗ ಇಳಿಸಿದರೆ ಸಮಯ ಇಳಿಯುತ್ತದೆ. ಪಿಎಲ್‌ಸಿಯಲ್ಲಿ ಒಂದು ಸಂಖ್ಯೆ ಬದಲಾಯಿಸಿದರೆ ಆಯಿತಲ್ಲ ಅಂತ ಅನ್ನಿಸುತ್ತದೆ. ಆದರೆ ಪ್ರೊಡಕ್ಷನ್ ಒತ್ತಡ ಬಂದ ದಿನ ಯಾರೋ ಅದನ್ನು ವಾಪಸ್ 1000 ಮಾಡುತ್ತಾರೆ, ಕರ್ಟನ್ ಮಾತ್ರ ಅಲ್ಲೇ ಇರುತ್ತದೆ. ವೇಗವನ್ನು ಸುರಕ್ಷಿತವಾಗಿ ಕಾಯುವ ಡ್ರೈವ್‌ಗಳಿವೆ, ಬೆಲೆ ಕೇಳಿ ಓನರ್ ಕೈ ಮುಗಿದರು. ಆಗ ಡ್ರಿಲ್ಲಿಂಗ್ ಮಷಿನ್ ಕಡೆ ನೋಡಿದೆವು. ಒಂದು ಬ್ರಾಕೆಟ್‌ಗೆ ಅದು ತೆಗೆದುಕೊಳ್ಳುವುದು 75 ಸೆಕೆಂಡ್. ರೋಬೋ ಅಷ್ಟು ಬೇಗ ಓಡಿಬಂದು ಸುಮ್ನೆ ಕಾಯುತ್ತಾ ನಿಲ್ಲುತ್ತಿತ್ತು. 3 ಮೀಟರ್ ಹೋಗಿ ಬರಲು ಅರ್ಧ ನಿಮಿಷ ಹಿಡಿದರೂ ಜೋಡಿ ಗ್ರಿಪ್ಪರ್ ಇರುವುದರಿಂದ ಮಷಿನ್ ಕಾಯಬೇಕಾಗಿಲ್ಲ.

ಹಾಗಾದರೆ ಗೇರ್‌ಬಾಕ್ಸನ್ನೇ ಬದಲಾಯಿಸೋಣ ಅಂತ ತೀರ್ಮಾನಿಸಿದೆವು. ಪುಲ್ಲಿ ಒಂದು ಸುತ್ತಿಗೆ 100 ಮಿಲಿಮೀಟರ್ ಎಳೆಯುತ್ತದೆ. ಹಳೆಯ ಗೇರ್‌ಬಾಕ್ಸ್ 5ಕ್ಕೆ 1, ಮೋಟಾರ್ 3000 ಆರ್‌ಪಿಎಂ, ಲೆಕ್ಕ ಸರಿಯಾಗಿ 1000ಕ್ಕೆ ಬರುತ್ತದೆ. 25ಕ್ಕೆ 1 ಹಾಕಿದರೆ 200. ಸರ್ವೋ ಮೋಟಾರ್ 3000 ದಾಟಿಯೂ ಓಡುತ್ತದೆ, ನೇಮ್‌ಪ್ಲೇಟ್‌ನಲ್ಲಿ ಗರಿಷ್ಠ 5000 ಇದೆ. ಅಷ್ಟಕ್ಕೆ ಹೋದರೂ 333. ಇದನ್ನು ಕೀಬೋರ್ಡ್‌ನಿಂದ ಯಾರೂ ಬದಲಾಯಿಸಲಾರರು, ಸ್ಪ್ಯಾನರ್ ಬೇಕು.

ಆದರೆ ಇಲ್ಲೊಂದು ಮೋಸ ಇದೆ. ಗೇರ್ ಅನುಪಾತ ಐದು ಪಟ್ಟು ಮಾಡಿದರೆ ತಳ್ಳುವ ಬಲವೂ ಐದು ಪಟ್ಟು. ನಿಧಾನವಾಗಿ ಬಂದು ಕೈಯನ್ನು ಟ್ರೇಗೆ ಅದುಮಿದರೆ ಮೊದಲಿಗಿಂತ ಕೆಟ್ಟದು. ಇದ್ದದ್ದು 400 ವ್ಯಾಟ್ ಮೋಟಾರ್. ಅದನ್ನು ತೆಗೆದು ಬ್ರೇಕ್ ಇರುವ 100 ವ್ಯಾಟ್ ಮೋಟಾರ್ ಹಾಕಿದೆವು, ಬಲ ಹೆಚ್ಚುಕಡಿಮೆ ಮೊದಲಿದ್ದ ಮಟ್ಟಕ್ಕೇ ಬಂತು. ಗೇರ್‌ಬಾಕ್ಸ್ ಮಾತ್ರ ಬದಲಾಯಿಸಿ ಖುಷಿಪಟ್ಟ ಮಷಿನ್‌ಗಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮತ್ತೆ ಅಳತೆ. ಈ ಸಲ ಅತಿ ಕೆಟ್ಟ ಸ್ಥಿತಿ ಬೇಕಿತ್ತು, ಆದ್ದರಿಂದ ಮೋಟಾರನ್ನು 5000ಕ್ಕೆ ಓಡಿಸಿ, ಕ್ವಿಕ್ ಸ್ಟಾಪ್ ವೈರನ್ನು ಬೇಕಂತಲೇ ನಿಷ್ಕ್ರಿಯ ಮಾಡಿ, ಡ್ರೈವ್ ಮಾತು ಕೇಳಲಿಲ್ಲ ಅನ್ನುವಂತೆ ಮಾಡಿದೆವು. 120 ಮಿಲಿಸೆಕೆಂಡ್ ಅದು ಓಡುತ್ತಲೇ ಇತ್ತು, ಆಮೇಲೆ ಎಸ್‌ಟಿಒ ಮತ್ತು ಬ್ರೇಕ್ ಹಿಡಿದು ನಿಲ್ಲಿಸಿದವು. ಕರ್ಟನ್‌ನದೂ ಸೇರಿ ಒಟ್ಟು 230. ಸೂತ್ರಕ್ಕೆ ಹಾಕಿದರೆ 2000ದಲ್ಲಿ 588, 1600ರಲ್ಲಿ 496, ಕನಿಷ್ಠ 500 ಇರಬೇಕು ಅನ್ನುವುದರಿಂದ 500. ನಮ್ಮ ಹತ್ತಿರ 550 ಇದೆ. ಎಲ್ಲ ಸರಿಯಾಗಿ ಕೆಲಸ ಮಾಡುವ ದಿನ 200ರ ವೇಗದಲ್ಲಿ ಅದು ನಿಲ್ಲುವುದು 15 ಮಿಲಿಮೀಟರ್ ಒಳಗೆ.

250ರ ಬಗ್ಗೆ ಒಂದು ಮಾತು, ಎಲ್ಲರೂ ಕೇಳುತ್ತಾರೆ. ರೋಬೋ ಸುರಕ್ಷತೆಯ ಐಎಸ್‌ಒ 10218ರಲ್ಲಿ ಸೆಕೆಂಡ್‌ಗೆ 250 ಮಿಲಿಮೀಟರ್ ಮಿತಿ ಬರುವುದು ಕಲಿಸುವಾಗ, ಅಂದ್ರೆ ಎನೇಬಲ್ ಸ್ವಿಚ್ ಕೈಯಲ್ಲಿ ಹಿಡಿದವನೇ ರೋಬೋ ನಡೆಸುವಾಗ. 250ಕ್ಕಿಂತ ಕೆಳಗಿದ್ದರೆ ಯಾರು ಬೇಕಾದರೂ ಪಕ್ಕದಲ್ಲಿ ನಿಲ್ಲಬಹುದು ಅಂತ ಅದು ಎಲ್ಲೂ ಹೇಳುವುದಿಲ್ಲ. ಅದುಮುವ ಜಾಗ ಇದ್ದರೆ 100 ಕೂಡ ಜಾಸ್ತಿಯೇ.

ಈಗ ಪ್ಯಾನಲ್ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದೆ: ನಿಲ್ಲುವ ಸಮಯ, ಅಳೆದ ತಾರೀಕು, ರಿಲೇ ತಡದ ಸೆಟ್ಟಿಂಗ್. ತಿಂಗಳಿಗೊಮ್ಮೆ ಮೇಸ್ತ್ರಿ ಮೂರು ಬಟನ್‌ಗಳನ್ನೂ ಒಂದೊಂದಾಗಿ ನೋಡುತ್ತಾರೆ, ಝಡ್ ಮೇಲಿದ್ದಾಗ ಬಟನ್ ಒತ್ತಿ ಸ್ಕೇಲ್‌ನಲ್ಲಿ ಎಷ್ಟು ಇಳಿಯಿತು ಅಂತ ಬರೆಯುತ್ತಾರೆ. 3 ಮಿಲಿಮೀಟರ್ ದಾಟಿದರೆ ಬ್ರೇಕ್ ಸವೆದಿದೆ, ಅಥವಾ ಯಾರೋ ವೇರಿಸ್ಟರ್ ಜಾಗಕ್ಕೆ ಮತ್ತೆ ಡಯೋಡ್ ಹಾಕಿದ್ದಾರೆ. ಗ್ರಿಪ್ಪರ್ ಬಿಚ್ಚುವ ಕೆಲಸವಿದ್ದಾಗ ಝಡ್‌ಗೆ ಅಡ್ಡಲಾಗಿ 12 ಮಿಲಿಮೀಟರ್ ಪಿನ್ ತೂರಿಸಬೇಕು ಅಂತ ತೂತು ಮಾಡಿಕೊಟ್ಟಿದ್ದೇನೆ, ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ಅದರ ಕೆಳಗೆ ತಲೆ ಹಾಕುವುದು ಬೇಡ. ಪಿನ್ ಎರಡು ಸಲ ಕಳೆದುಹೋಗಿ ಈಗ ಸರಪಳಿಯಲ್ಲಿ ನೇತಾಡುತ್ತಿದೆ.